ಸೊನ್ನೆಗೊಂದು ಪರೀಕ್ಷೆ, ಅಂತರಕ್ಕೊಂದು ರೂಪಾಂತರ

ಹನ್ನೆರಡು ಗಿಡಗಳ ಬೇರಿನ ಉದ್ದ, ಎಲೆಯ ಅಗಲ ಎರಡನ್ನೂ ಅಳೆದಿದ್ದೇವೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಸಹಸಂಬಂಧ ಗುಣಾಂಕ r = 0.60 ಬಂತು. ಈ ನಂಟು ನಿಜವೋ, ಕಾಕತಾಳೀಯವೋ?

ನಿಜವಾದ ಗುಣಾಂಕ ಸೊನ್ನೆಯೇ ಎಂದು ಊಹಿಸಿಕೊಂಡು ಈ ಸೂತ್ರ ಬಳಸುತ್ತೇವೆ, ಇದರಲ್ಲಿ n ಎಂದರೆ ಗಿಡಗಳ ಸಂಖ್ಯೆ:

t = r√(n−2) / √(1−r²)

ನಮ್ಮ ಅಂಕಿಗಳನ್ನು ಹಾಕಿದರೆ 0.6 × 3.162 / 0.8, ಅಂದರೆ 2.37. ಇಲ್ಲಿ ಡಿಗ್ರೀಸ್ ಆಫ್ ಫ್ರೀಡಂ n−2, ಅಂದರೆ 10. ಶೇ. 5ರ ಮಟ್ಟದಲ್ಲಿ ಎರಡೂ ಬದಿಯ ಪರೀಕ್ಷೆಗೆ ಗಡಿ 2.228. ದಾಟಿದೆವು. ಬಹಳಷ್ಟು ವರದಿಗಳು ಇಲ್ಲಿಗೇ ನಿಂತುಬಿಡುತ್ತವೆ, ನನಗೆ ಅದೇ ಕಿರಿಕಿರಿ. ಸೊನ್ನೆಯಲ್ಲ ಎಂದು ಗೊತ್ತಾಯಿತು, ಸರಿ, ಹಾಗಾದರೆ ಎಷ್ಟು?

ಇದೇ ಸೂತ್ರದೊಳಗಿನ ಪ್ರಮಾಣ ದೋಷ √(1−r²)/√(n−2), ಅಂದರೆ 0.253. ಅದನ್ನು 2.228ರಿಂದ ಗುಣಿಸಿ, 0.60ಕ್ಕೆ ಕೂಡಿಸಿ, ಕಳೆದು ನೋಡಿ. 0.04ರಿಂದ 1.16 ಬರುತ್ತದೆ. ಗುಣಾಂಕ 1ನ್ನು ಮೀರುವುದುಂಟೇ! ತಪ್ಪಿರುವುದು ಗುಣಾಕಾರದಲ್ಲಲ್ಲ. ಆ ಪ್ರಮಾಣ ದೋಷ ಹೊಂದುವುದು ನಿಜವಾದ ಗುಣಾಂಕ ಸೊನ್ನೆಯಾಗಿದ್ದಾಗ ಮಾತ್ರ. ಆಗ r ಎರಡೂ ಕಡೆಗೆ ಸಮನಾಗಿ ಹರಡುತ್ತದೆ. ನಿಜವಾದ ಗುಣಾಂಕ 0.6ರ ಹತ್ತಿರವಿದ್ದರೆ ಮೇಲೆ 1ರ ಗೋಡೆ ಅಡ್ಡ ಬರುತ್ತದೆ, ಹರಡಿಕೆ ಕೆಳಕ್ಕೆ ಬಾಲ ಚಾಚುತ್ತದೆ.

ಈ ಓರೆಯನ್ನು ನೆಟ್ಟಗೆ ಮಾಡುವ ರೂಪಾಂತರವನ್ನು ಕೊಟ್ಟವರು ರೊನಾಲ್ಡ್ ಫಿಶರ್:

z = ½ ln[(1+r)/(1−r)]

1ರ ಹತ್ತಿರದ ಇಕ್ಕಟ್ಟನ್ನು ಇದು ಹಿಗ್ಗಿಸುತ್ತದೆ. r 1ರ ಕಡೆಗೆ ಸರಿದಂತೆ z ಅನಂತದ ಕಡೆಗೆ ಓಡುತ್ತದೆ. ಇನ್ನೂ ಚೆಂದದ ಸಂಗತಿ ಎಂದರೆ z ಹೆಚ್ಚೂಕಡಿಮೆ ನಾರ್ಮಲ್ ಆಗಿ ಹರಡುತ್ತದೆ, ಅದರ ಪ್ರಮಾಣ ದೋಷ ಸುಮಾರು 1/√(n−3). ಅದರಲ್ಲಿ r ಇಲ್ಲವೇ ಇಲ್ಲ, ಗಮನಿಸಿ.

ನಮ್ಮ ಗಿಡಗಳಿಗೆ (1.6/0.4) ಅಂದರೆ 4, ಅದರ ಲಾಗರಿದಮ್‌ನ ಅರ್ಧ 0.693. ಪ್ರಮಾಣ ದೋಷ 1/√9, ಅಂದರೆ 0.333. ನಾರ್ಮಲ್ ಹರಡಿಕೆಯಲ್ಲಿ ಶೇ. 95ಕ್ಕೆ ಗಡಿ 1.96; ಪ್ರಮಾಣ ದೋಷದ ಅಷ್ಟು ಪಟ್ಟನ್ನು ಕಳೆದು, ಕೂಡಿಸಿದರೆ z 0.040ರಿಂದ 1.346. ಇಲ್ಲಿಗೆ ಕೈಬಿಡಬೇಡಿ, z ಗುಣಾಂಕವಲ್ಲ. r = (e²ᶻ−1)/(e²ᶻ+1) ಎಂದು ಹಿಂದಕ್ಕೆ ತಂದರೆ ಶೇ. 95ರ ವಿಶ್ವಾಸಾಂತರ 0.04ರಿಂದ 0.87. ಕೆಳಗೆ 0.56 ದೂರ, ಮೇಲೆ 0.27 ಮಾತ್ರ.

ಪರೀಕ್ಷೆಯಲ್ಲಿ ಗೆದ್ದ 0.60 ಎಷ್ಟು ಸಡಿಲ ನೋಡಿ: ಹೆಸರಿಗಷ್ಟೇ ಇರುವ ನಂಟೂ ಆಗಬಹುದು, ಬಲವಾದ ನಂಟೂ ಆಗಬಹುದು.

ಎರಡೂ ಅಳತೆಗಳು ಜೊತೆಯಾಗಿ ನಾರ್ಮಲ್ ಆಗಿವೆ ಎಂಬ ಊಹೆ ಈ ಲೆಕ್ಕದ ತಳದಲ್ಲಿದೆ. ಹಾಗಾಗಿ ಮೊದಲು ಚುಕ್ಕಿ ಚಿತ್ರ ಬರೆಯಿರಿ; ದೂರದಲ್ಲಿ ಒಂಟಿಯಾಗಿ ಕೂತ ಒಂದೇ ಗಿಡ ಇಡೀ 0.60ನ್ನು ಹುಟ್ಟಿಸಿರಬಹುದು. ಅದನ್ನು ಬಿಟ್ಟು ಇನ್ನೊಮ್ಮೆ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ.

ಚಿತ್ರದಲ್ಲಿ ಕಾಣದ ತಪ್ಪು ಇನ್ನೊಂದಿದೆ. ಅದೇ ಹನ್ನೆರಡು ಗಿಡಗಳನ್ನು ನಾಲ್ಕು ನಾಲ್ಕು ಸಲ ಅಳೆದು n = 48 ಎಂದು ಬರೆದರೆ, ಅದೇ 0.60ಕ್ಕೆ ಅಂತರ 0.38ರಿಂದ 0.76ಕ್ಕೆ ಕುಗ್ಗುತ್ತದೆ. ಗಿಡಗಳು ಮಾತ್ರ ಈಗಲೂ ಹನ್ನೆರಡೇ.