ಲಾಭ 80 ಲಕ್ಷ, ಹೆಚ್ಚಿದ್ದು 90 ಲಕ್ಷ: ಈಕ್ವಿಟಿ ಬದಲಾವಣೆಯ ತಃಖ್ತೆ ಓದೋಣ

ಎಲ್ಲರಿಗೂ ನಮಸ್ಕಾರ. ಒಂದು ಕಂಪನಿಯ ಲೆಕ್ಕ ಕಲ್ಪಿಸಿಕೊಳ್ಳಿ. ವರ್ಷದ ಲಾಭ 80 ಲಕ್ಷ. ಷೇರುದಾರರಿಗೆ 30 ಲಕ್ಷ ಡಿವಿಡೆಂಡ್ ಕೊಟ್ಟಿದೆ. ಆದರೂ ಉಳಿಕೆ ಲಾಭ 240 ಲಕ್ಷದಿಂದ 330ಕ್ಕೆ ಏರಿದೆ. ಅಂದರೆ 90 ಲಕ್ಷ ಜಾಸ್ತಿ. 80ರಲ್ಲಿ 30 ಹೋದರೆ 50 ತಾನೇ? ಮಿಕ್ಕ 40 ಎಲ್ಲಿಂದ ಬಂತು? ಇದಕ್ಕೆ ಉತ್ತರ ಈಕ್ವಿಟಿ ಬದಲಾವಣೆಯ ತಃಖ್ತೆಯಲ್ಲಿದೆ, ಅಂದರೆ ಷೇರುದಾರರ ಪಾಲಿನ ಪ್ರತಿ ಭಾಗವೂ ವರ್ಷದಲ್ಲಿ ಹೇಗೆ ಬದಲಾಯಿತೆಂದು ಒಂದೊಂದು ಕಾಲಮ್ಮಿನಲ್ಲಿ ತೋರಿಸುವ ಪಟ್ಟಿಯಲ್ಲಿ.

ವರ್ಷದ ಆರಂಭದಲ್ಲಿ ಷೇರು ಬಂಡವಾಳ 100, ಷೇರು ಪ್ರೀಮಿಯಂ 60, ಉಳಿಕೆ ಲಾಭ 240, ಮರುಮೌಲ್ಯಮಾಪನದ ಮೀಸಲು 90. ಒಟ್ಟು 490 ಲಕ್ಷ. ನವೆಂಬರ್‌ನಲ್ಲಿ 10 ರೂಪಾಯಿ ಮುಖಬೆಲೆಯ ಒಂದು ಲಕ್ಷ ಹೊಸ ಷೇರುಗಳನ್ನು 50 ರೂಪಾಯಿಗೆ ಕೊಟ್ಟರು. 10 ಲಕ್ಷ ಬಂಡವಾಳದ ಕಾಲಮ್ಮಿಗೆ, 40 ಲಕ್ಷ ಪ್ರೀಮಿಯಂ ಕಾಲಮ್ಮಿಗೆ. ಇದು ಸುಲಭ.

ಈಗ ಆ 40 ಲಕ್ಷಕ್ಕೆ ಬರೋಣ. ಕಂಪನಿ ಹಿಂದೆ 20 ಲಕ್ಷಕ್ಕೆ ಕೊಂಡ ನಿವೇಶನದ ಬೆಲೆಯನ್ನು ಪುಸ್ತಕದಲ್ಲಿ 60ಕ್ಕೆ ಏರಿಸಿತ್ತು. ಆ 40 ಮರುಮೌಲ್ಯಮಾಪನದ ಮೀಸಲಿನಲ್ಲಿ ಕೂತಿತ್ತು. ಈ ವರ್ಷ ನಿವೇಶನ 65 ಲಕ್ಷಕ್ಕೆ ಮಾರಾಟವಾಯಿತು. ತೆರಿಗೆಯನ್ನು ಸದ್ಯ ಪಕ್ಕಕ್ಕಿಡೋಣ. ಲಾಭ-ನಷ್ಟದ ಲೆಕ್ಕಕ್ಕೆ ಬರುವುದು 5 ಲಕ್ಷ ಮಾತ್ರ. ಅದು ಆ 80ರೊಳಗೇ ಇದೆ. ಮೀಸಲಿನ 40 ನೇರವಾಗಿ ಉಳಿಕೆ ಲಾಭಕ್ಕೆ ಹೋಗುತ್ತದೆ. ಬೆಲೆ ಏರಿಸಿದ ವರ್ಷವೇ ಅದು ಇತರ ಸಮಗ್ರ ಆದಾಯದಲ್ಲಿ, ಅಂದರೆ ವರ್ಷದ ಲಾಭಕ್ಕೆ ಸೇರಿಸದೆ ಬೇರೆಯಾಗಿ ತೋರಿಸುವ ಆದಾಯದಲ್ಲಿ, ಲೆಕ್ಕಕ್ಕೆ ಬಂದಾಗಿದೆ. ಈಗ ಮತ್ತೆ ಲಾಭ ಎಂದು ತೋರಿಸಿದರೆ ಒಂದೇ ದುಡ್ಡನ್ನು ಎರಡು ಸಲ ಎಣಿಸಿದಂತೆ.

ಈ ತಪ್ಪಾದರೂ ಅಂತಿಮ ಶಿಲ್ಕುಗಳು ತಾಳೆಯಾಗಿಬಿಡುತ್ತವೆ! ಅದೇ ಅಪಾಯ. ಹಾಗಾಗಿ ವರ್ಗಾವಣೆಯ ಸಾಲನ್ನು ಅಡ್ಡಲಾಗಿ ಕೂಡಿ ನೋಡಿ. ಒಂದು ಕಾಲಮ್ಮಿನಲ್ಲಿ 40 ಕಳೆದು, ಇನ್ನೊಂದರಲ್ಲಿ 40 ಕೂಡಿ, ಒಟ್ಟು ಸೊನ್ನೆ ಬರಲೇಬೇಕು.

ಇನ್ನು ಡಿವಿಡೆಂಡ್. ತಃಖ್ತೆಯಲ್ಲಿ ಕಳೆದಿರುವ 30 ಲಕ್ಷ ಹಿಂದಿನ ವರ್ಷದ್ದು. ಹತ್ತು ಲಕ್ಷ ಷೇರಿಗೆ ತಲಾ 3 ರೂಪಾಯಿ, ಆಗಸ್ಟ್‌ನ ವಾರ್ಷಿಕ ಸಭೆ ಒಪ್ಪಿದ್ದು. ಈ ವರ್ಷಕ್ಕೆ ಷೇರಿಗೆ 4 ರೂಪಾಯಿಯಂತೆ 44 ಲಕ್ಷ ಕೊಡಬೇಕೆಂದು ನಿರ್ದೇಶಕರು ವರ್ಷ ಮುಗಿದ ಮೇಲೆ, ಮೇ ತಿಂಗಳಲ್ಲಿ ಶಿಫಾರಸು ಮಾಡಿದ್ದಾರೆ. ಅದನ್ನು ಈಗ ಕಳೆಯಬಾರದು. ಮಾರ್ಚ್ 31ಕ್ಕೆ ಅದು ಬಾಕಿಯೇ ಅಲ್ಲ, ಟಿಪ್ಪಣಿಯಲ್ಲಿ ಹೇಳಿದರೆ ಸಾಕು. ಭಾರತದಲ್ಲಿ ಎಎಸ್ 4 ಎಂಬ ಲೆಕ್ಕಪತ್ರ ಮಾನದಂಡದ ಹಳೆಯ ರೂಪ ಇದನ್ನು ಬಾಕಿಯೆಂದೇ ತೋರಿಸಲು ಹೇಳುತ್ತಿತ್ತು. 2016ರಲ್ಲಿ ಅದನ್ನು ತಿದ್ದಿದರು. ಹಳೇ ರೂಢಿಯವರು ಇಲ್ಲೇ ಎಡವುವುದನ್ನು ನಾನು ಕಂಡಿದ್ದೇನೆ.

ಈಗ ಕೊನೆಯ ಸಾಲು ಬರೆದುಕೊಳ್ಳಿ. ಬಂಡವಾಳ 110, ಪ್ರೀಮಿಯಂ 100, ಉಳಿಕೆ ಲಾಭ 330, ಮರುಮೌಲ್ಯಮಾಪನದ ಮೀಸಲು 50. ಒಟ್ಟು 590 ಲಕ್ಷ. ಬ್ಯಾಲೆನ್ಸ್ ಶೀಟಿನ ಈಕ್ವಿಟಿಯೂ ಇಷ್ಟೇ ಇರಬೇಕು. ಆ 44 ಲಕ್ಷವನ್ನು ಸಭೆ ಒಪ್ಪಿದರೆ, ಮುಂದಿನ ವರ್ಷದ ತಃಖ್ತೆಯಲ್ಲಿ ಈ 330ರಿಂದ ಕಳೆಯುತ್ತೀರಿ.