ನಲವತ್ತೊಂಬತ್ತು ಮನೆಗಳ ಲೆಕ್ಕ: ರೆಸಿಡೆಂಟರ ಡ್ಯೂಟಿ ರೋಸ್ಟರ್ ಹಾಕುವ ಬಗೆ

ಸ್ನೇಹಿತರೇ, ಇಲ್ಲಿರುವ ಹೆಚ್ಚಿನವರು ತಿಂಗಳಿಗೊಮ್ಮೆ ಯೂನಿಟ್ಟಿನ ರೋಸ್ಟರ್ ಹಾಕುವವರು. ನೈಟ್ ಮಾಡಿದವರಿಗೆ ಮರುದಿನ ವಿಶ್ರಾಂತಿ ಕೊಡಬೇಕು, ವಾರದ ಗಂಟೆಗಳು ಇಂತಿಷ್ಟನ್ನು ಮೀರಬಾರದು ಎಂಬ ಎರಡು ನಿಯಮ ಕೈಗೆ ಬಂದಾಗ ನಾವು ಸಾಮಾನ್ಯವಾಗಿ ಹಳೆಯ ರೋಸ್ಟರನ್ನೇ ಎದುರಿಗಿಟ್ಟುಕೊಂಡು ಅಲ್ಲಲ್ಲಿ 'ಆಫ್' ಬರೆಯುತ್ತೇವೆ. ತೊಂದರೆ ಶುರುವಾಗುವುದೇ ಅಲ್ಲಿಂದ. ನೈಟ್ ನಂತರದ ವಿಶ್ರಾಂತಿ ರೋಸ್ಟರಿನಲ್ಲಿ ಉಳಿದ ಖಾಲಿ ಜಾಗವಲ್ಲ. ನೈಟ್‌ನಷ್ಟೇ ಖಚಿತವಾಗಿ ಒಬ್ಬ ಮನುಷ್ಯನನ್ನು ಹಿಡಿದಿಡುವ ಒಂದು ಮನೆ ಅದು. ಅದನ್ನು ಕೊನೆಯಲ್ಲಿ ತುಂಬಿಸಲು ಹೋಗದೆ ಮೊದಲೇ ಎಣಿಸಬೇಕು.

ಒಂದು ಯೂನಿಟ್ ತೆಗೆದುಕೊಳ್ಳೋಣ. ಎಂಟು ಜನ ರೆಸಿಡೆಂಟರಿದ್ದಾರೆ. ವರ್ಷವಿಡೀ ಯಾರಾದರೊಬ್ಬರು ರಜೆಯಲ್ಲೋ ಪರೀಕ್ಷೆಗೋ ಕಾನ್ಫರೆನ್ಸಿಗೋ ಹೋಗಿರುತ್ತಾರೆ. ಆದ್ದರಿಂದ ರೋಸ್ಟರನ್ನು ಏಳು ಜನರಿಗೆ ಕಟ್ಟಿ, ಎಂಟನೆಯವರನ್ನು ರಿಲೀಫ್ ಎಂದು ಇಟ್ಟುಕೊಳ್ಳಬೇಕು. ಎಂಟಕ್ಕೆ ಎಂಟನ್ನೂ ಹಂಚಿ ಹಾಕಿದ ರೋಸ್ಟರ್ ಮೊದಲ ರಜೆ ಅರ್ಜಿಗೇ ಮುರಿಯುತ್ತದೆ.

ಪಾಳಿಗಳು ಮೂರು. ಹಗಲು ಪಾಳಿ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ, 9 ಗಂಟೆ. ಲಾಂಗ್ ಡೇ ಬೆಳಿಗ್ಗೆ 8ರಿಂದ ರಾತ್ರಿ 8.30ರವರೆಗೆ, ಹನ್ನೆರಡೂವರೆ ಗಂಟೆ. ನೈಟ್ ರಾತ್ರಿ 8ರಿಂದ ಬೆಳಿಗ್ಗೆ 8.30ರವರೆಗೆ, ಅದೂ ಹನ್ನೆರಡೂವರೆ. ಎರಡೂ ತುದಿಯಲ್ಲಿ ಅರ್ಧ ಗಂಟೆ ಒಂದರ ಮೇಲೊಂದು ಬಂದಿರುವುದು ಹ್ಯಾಂಡೋವರಿಗಾಗಿ. ಅನೇಕರು ಪಾಳಿಯನ್ನು 8ಕ್ಕೆ 8 ಎಂದು ಬರೆದು ಹ್ಯಾಂಡೋವರನ್ನು ಲೆಕ್ಕದ ಹೊರಗೆ ಬಿಡುತ್ತಾರೆ. ಹಾಗೆ ಬಿಟ್ಟರೆ ಆ ಅರ್ಧ ಗಂಟೆ ನಡೆಯದೇ ಇರುವುದಿಲ್ಲ, ಕಾಗದದಲ್ಲಿ ಕಾಣಿಸುವುದಿಲ್ಲ ಅಷ್ಟೇ. ಆಸ್ಪತ್ರೆಯೊಳಗೆ ಇದ್ದು ಕರೆ ಬರುವವರೆಗೆ ಮಲಗಿದ್ದ ಸಮಯವೂ ದುಡಿಮೆಯೇ. ಯುರೋಪಿನ ನ್ಯಾಯಾಲಯ 2000 ಮತ್ತು 2003ರಲ್ಲಿ ವೈದ್ಯರ ಎರಡು ಪ್ರಕರಣಗಳಲ್ಲಿ ಇದನ್ನೇ ಹೇಳಿತು. ನಿಮ್ಮ ನಿಯಮ ಏನೇ ಇರಲಿ, ಲೆಕ್ಕಕ್ಕೆ ಇದೇ ಸರಿ.

ಈಗ ಎಣಿಕೆ. ಏಳು ಜನ, ಏಳು ದಿನ, ಒಟ್ಟು 49 ಮನೆ. ದಿನಕ್ಕೊಂದು ನೈಟ್ ಎಂದರೆ 7. ಅದರ ಬೆನ್ನಿಗೇ 7 ಪೋಸ್ಟ್ ನೈಟ್. ದಿನಕ್ಕೊಂದು ಲಾಂಗ್ ಡೇ, ಅದು 7. ತಲೆಗೊಂದು ವಾರದ ರಜೆ, ಮತ್ತೆ 7. ಅಲ್ಲಿಗೆ 28 ಹೋಯಿತು. ಹಗಲು ಪಾಳಿಗೆ ಉಳಿದದ್ದು 21. ಶನಿವಾರ, ಭಾನುವಾರ ರೌಂಡ್ಸಿಗೆ ಒಬ್ಬೊಬ್ಬರನ್ನು ಕೊಟ್ಟರೆ ವಾರದ ಐದು ದಿನಕ್ಕೆ 19. ಅಂದರೆ ನಾಲ್ಕು ದಿನ ನಾಲ್ಕು ಜನ, ಒಂದು ದಿನ ಮೂರು ಜನ. ಬೆಳಗಿನ ರೌಂಡ್ಸಿನಲ್ಲಿ ಏಳೂ ಜನ ನಿಂತಿರಬೇಕು ಎಂದು ಬಯಸುವ ಯೂನಿಟ್ ಮುಖ್ಯಸ್ಥರಿಗೆ ರೋಸ್ಟರ್ ಹಾಕುವ ಮೊದಲೇ ಈ ಸಂಖ್ಯೆ ತೋರಿಸಬೇಕು. ಲಾಂಗ್ ಡೇ ಸೇರಿಸಿಕೊಂಡರೂ ಐದೇ ಜನ.

ಗಂಟೆಗಳ ಲೆಕ್ಕ ನೋಡಿ. ಏಳು ನೈಟ್‌ಗೆ ಎಂಬತ್ತೇಳೂವರೆ, ಏಳು ಲಾಂಗ್ ಡೇಗೆ ಅಷ್ಟೇ, 21 ಹಗಲು ಪಾಳಿಗೆ 189. ಒಟ್ಟು 364. ಏಳರಿಂದ ಭಾಗಿಸಿದರೆ ತಲೆಗೆ ವಾರಕ್ಕೆ ಸರಿಯಾಗಿ 52 ಗಂಟೆ. ಮಿತಿ 60 ಎಂದಿಟ್ಟುಕೊಂಡರೆ ಎಂಟು ಗಂಟೆ ಕೈಯಲ್ಲಿದೆ. ಮಿತಿ 48 ಆಗಿದ್ದರೆ 28 ಗಂಟೆ ಹೆಚ್ಚಾಯಿತು, ಅದನ್ನು ಇಳಿಸಲು ನಾಲ್ಕು ಹಗಲು ಪಾಳಿ ತೆಗೆಯಬೇಕು. ಆಗ ವಾರದ ದಿನಗಳಲ್ಲಿ ಮೂರು ಮೂರೇ ಜನ ಸಿಗುತ್ತಾರೆ. ನೈಟ್‌ಗಳ ಸಂಖ್ಯೆ ಒಂದೂ ಕಡಿಮೆಯಾಗಲಿಲ್ಲ ಎಂಬುದನ್ನು ಗಮನಿಸಿ. ಮಿತಿಯ ಬೆಲೆಯನ್ನು ತೆರುವುದು ಯಾವಾಗಲೂ ಹಗಲೇ.

ಮುಂದಿನ ಹೆಜ್ಜೆ, ನೈಟ್‌ಗಳನ್ನು ಕೂರಿಸುವುದು. ಏಳು ವಾರದ ಏಳು ಸಾಲು ಬರೆದು, ಪ್ರತಿಯೊಬ್ಬರೂ ವಾರಕ್ಕೊಂದು ಸಾಲು ಕೆಳಗಿಳಿಯುವ ಸುತ್ತುವ ರೋಸ್ಟರ್ ಒಳ್ಳೆಯದು. ಎಲ್ಲರಿಗೂ ಏಳು ವಾರದಲ್ಲಿ ಅದೇ ಪಾಲು ಬರುತ್ತದೆ, ವಾದಕ್ಕೆ ಜಾಗವಿರುವುದಿಲ್ಲ. ಕೈ ತಾನಾಗಿ ಬರೆಯುವ ಕ್ರಮ ಮೊದಲ ಸಾಲಿಗೆ ಸೋಮವಾರ ನೈಟ್, ಎರಡನೆಯದಕ್ಕೆ ಮಂಗಳವಾರ, ಹೀಗೆ ಏಳನೆಯದಕ್ಕೆ ಭಾನುವಾರ. ನೋಡಲು ಅಚ್ಚುಕಟ್ಟು. ಆದರೆ ಏಳನೇ ವಾರದ ಭಾನುವಾರ ನೈಟ್ ಮಾಡಿದವರು ಸೋಮವಾರ ಮೊದಲ ಸಾಲಿಗೆ ಬರುತ್ತಾರೆ, ಅಲ್ಲಿ ಅದೇ ರಾತ್ರಿ ಮತ್ತೆ ನೈಟ್. ಪೋಸ್ಟ್ ನೈಟ್ ಅಲ್ಲಿಗೆ ಮುಗಿಯಿತು. ಕ್ರಮವನ್ನು ಹಿಂದುಮುಂದು ಮಾಡಿ, ಮೊದಲ ಸಾಲಿಗೆ ಭಾನುವಾರ, ಎರಡನೆಯದಕ್ಕೆ ಶನಿವಾರ, ಕೊನೆಗೆ ಸೋಮವಾರ ಎಂದು ಹಾಕಿದರೆ ಒಂದು ನೈಟ್‌ನಿಂದ ಮುಂದಿನದಕ್ಕೆ ಆರು ದಿನ, ಸುತ್ತು ಮುಗಿಯುವಲ್ಲಿ ಹದಿಮೂರು ದಿನ. ವಿಶ್ರಾಂತಿ ಎಲ್ಲಿಯೂ ತಪ್ಪುವುದಿಲ್ಲ.

ಹಾಗೆಂದು ರೋಸ್ಟರ್ ಮುಗಿಯಿತು ಎಂದುಕೊಳ್ಳಬೇಡಿ. ತಪ್ಪುಗಳು ಅಡಗಿರುವುದು ಎರಡು ವಾರಗಳು ಕೂಡುವ ಹೊಲಿಗೆಯಲ್ಲಿ. ಇದೇ ರೋಸ್ಟರಿನ ಎರಡನೇ ಮತ್ತು ಮೂರನೇ ಸಾಲನ್ನು ಒಬ್ಬ ರೆಸಿಡೆಂಟ್ ಹೇಗೆ ಕಳೆಯುತ್ತಾರೆ ನೋಡೋಣ.

ಎರಡನೇ ವಾರ: ಸೋಮವಾರ ಪೋಸ್ಟ್ ನೈಟ್, ಮಂಗಳವಾರ ರಜೆ, ಬುಧವಾರ ಹಗಲು, ಗುರುವಾರ ಲಾಂಗ್ ಡೇ, ಶುಕ್ರವಾರ ಹಗಲು, ಶನಿವಾರ ನೈಟ್, ಭಾನುವಾರ ಪೋಸ್ಟ್ ನೈಟ್. ಒಟ್ಟು 43 ಗಂಟೆ. ಮೂರನೇ ವಾರ: ಸೋಮವಾರ ಹಗಲು, ಮಂಗಳವಾರ ಲಾಂಗ್ ಡೇ, ಬುಧವಾರ ಮತ್ತು ಗುರುವಾರ ಹಗಲು, ಶುಕ್ರವಾರ ನೈಟ್, ಶನಿವಾರ ಪೋಸ್ಟ್ ನೈಟ್, ಭಾನುವಾರ ರಜೆ. ಒಟ್ಟು 52.

ಎರಡೂ ವಾರ 60ರ ಒಳಗಿವೆ, ಎರಡರಲ್ಲೂ ಒಂದೊಂದು ರಜೆ ಇದೆ. ಆಫೀಸಿನಲ್ಲಿ ಸಹಿ ಬೀಳುತ್ತದೆ. ಈಗ ಸೋಮವಾರದಿಂದ ಎಣಿಸುವುದನ್ನು ಬಿಟ್ಟು ಎರಡನೇ ವಾರದ ಬುಧವಾರದಿಂದ ಮುಂದಿನ ಮಂಗಳವಾರದವರೆಗೆ ಕೂಡಿ. ಅರವತ್ತನಾಲ್ಕೂವರೆ ಗಂಟೆ. ರಜೆಯಿಂದ ರಜೆಗೆ ನಡುವೆ ಎಷ್ಟು ದಿನ? ಹನ್ನೊಂದು. 43 ಎಂದು ಹಗುರವಾಗಿ ಕಂಡ ವಾರವೇ ಈ ಭಾರವನ್ನು ಮುಚ್ಚಿಟ್ಟಿತ್ತು. ಆದ್ದರಿಂದ ಮಿತಿಯನ್ನು ಸೋಮವಾರದಿಂದ ಭಾನುವಾರಕ್ಕೆ ಅಳೆಯಬಾರದು, ಯಾವ ದಿನದಿಂದ ಶುರು ಮಾಡಿದರೂ ಏಳು ದಿನಕ್ಕೆ ಅಳೆಯಬೇಕು. ಬ್ರಿಟನ್ನಿನ ಕಿರಿಯ ವೈದ್ಯರ 2016ರ ಒಪ್ಪಂದದಲ್ಲಿ ಗರಿಷ್ಠ 72 ಗಂಟೆ ಎಂದದ್ದು ಹೀಗೆಯೇ, ಯಾವುದೇ ಸತತ 168 ಗಂಟೆಗಳಲ್ಲಿ. ಅಮೆರಿಕದ 80 ಗಂಟೆ ನಾಲ್ಕು ವಾರಗಳ ಸರಾಸರಿ. ಅದರಡಿ ಒಂದು ವಾರ 95, ಇನ್ನೊಂದು ವಾರ 65 ಬಂದರೂ ನಿಯಮ ಮುರಿದಂತಾಗುವುದಿಲ್ಲ. ಸರಾಸರಿ ಸಿಬ್ಬಂದಿ ಎಷ್ಟು ಬೇಕೆಂಬ ಲೆಕ್ಕಕ್ಕೆ ಒದಗುತ್ತದೆ, ದಣಿವಿನ ಲೆಕ್ಕಕ್ಕೆ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಸರಿಪಡಿಸುವುದು ಹೇಗೆ? ಎರಡನೇ ವಾರದ ರಜೆಯನ್ನು ಮಂಗಳವಾರದಿಂದ ಶುಕ್ರವಾರಕ್ಕೆ ತಳ್ಳಿ, ಮಂಗಳವಾರ ಹಗಲು ಪಾಳಿ ಕೊಡಿ. ಬುಧವಾರದಿಂದ ಎಣಿಸಿದ ಏಳು ದಿನ ಐವತ್ತೈದೂವರೆಗೆ ಇಳಿಯುತ್ತದೆ. ಆದರೆ ಶನಿವಾರದ ನೈಟ್‌ನಿಂದ ಮುಂದಿನ ಶುಕ್ರವಾರದ ನೈಟ್‌ವರೆಗೆ ಎಣಿಸಿದರೆ ಇನ್ನೂ ಅರವತ್ತನಾಲ್ಕೂವರೆಯೇ. ಏಳು ದಿನದ ಎರಡು ತುದಿಗೂ ನೈಟ್ ಬಂದು ನಡುವೆ ರಜೆಯೇ ಇಲ್ಲದ್ದು ಇದಕ್ಕೆ ಕಾರಣ. ಮೂರನೇ ವಾರದ ಬುಧವಾರದ ಹಗಲು ಪಾಳಿ ತೆಗೆದರೆ ಇದೂ ಐವತ್ತೈದೂವರೆಗೆ ಬರುತ್ತದೆ. ಇದಕ್ಕೆ ತೆತ್ತದ್ದು ಒಂದೇ ಪಾಳಿ: ಈಗ ಬುಧವಾರವೂ ಶುಕ್ರವಾರವೂ ಹಗಲಿಗೆ ಮೂರು ಜನ. ಉಳಿದ ಹೊಲಿಗೆಗಳನ್ನೂ ಹೀಗೆಯೇ ನೋಡಬೇಕು. ಸುತ್ತಿನಲ್ಲಿ 49 ದಿನಗಳಿರುವುದರಿಂದ 49 ಮೊತ್ತಗಳು. ಸ್ಪ್ರೆಡ್‌ಶೀಟಿನಲ್ಲಿ ದಿನದ ಗಂಟೆಗಳನ್ನು B ಕಾಲಮ್ಮಿನಲ್ಲಿ ಒಂದರ ಕೆಳಗೊಂದು ಬರೆದು, ಕೊನೆಯ ಸಾಲಿನ ಕೆಳಗೆ ಮೊದಲ ಆರು ದಿನಗಳನ್ನು ಮತ್ತೊಮ್ಮೆ ಬರೆದುಕೊಂಡರೆ ಇಷ್ಟೇ ಸಾಕು:

```
=SUM(B2:B8)
```

ಇದನ್ನು 49 ಸಾಲಿಗೆ ಎಳೆಯಿರಿ. ಆ ಆರು ದಿನ ಮತ್ತೆ ಬರೆಯದಿದ್ದರೆ ಏಳನೇ ವಾರ ಮೊದಲನೆಯದಕ್ಕೆ ಕೂಡುವ ಹೊಲಿಗೆ ಪರೀಕ್ಷೆಯಿಂದಲೇ ತಪ್ಪಿಸಿಕೊಳ್ಳುತ್ತದೆ.

ಭಾನುವಾರದ ನೈಟ್ ಬಗ್ಗೆ ಒಂದು ಮಾತು. ನಾಲ್ಕು ಹಗಲು, ಒಂದು ಲಾಂಗ್ ಡೇ, ಭಾನುವಾರ ನೈಟ್ ಇರುವ ವಾರ 61 ಗಂಟೆ. ಮಧ್ಯರಾತ್ರಿಗೆ ಲೆಕ್ಕ ಕತ್ತರಿಸುವ ಹಾಜರಿ ಯಂತ್ರ ಅದನ್ನು ಐವತ್ತೆರಡೂವರೆ ಎಂದು ತೋರಿಸುತ್ತದೆ. ಪಾಳಿ ಶುರುವಾದ ದಿನಕ್ಕೇ ಅದರ ಎಲ್ಲ ಗಂಟೆಗಳನ್ನು ಬರೆಯಿರಿ.

ಇನ್ನು ವಿಶ್ರಾಂತಿ ದಿನ ಮತ್ತು ವಾರದ ರಜೆಯನ್ನು ಒಂದೇ ಮಾಡುವ ಚಾಳಿ. ಶನಿವಾರ ನೈಟ್ ಹಾಕಿ, ಭಾನುವಾರವನ್ನು ರಜೆ ಎಂದು ಬರೆಯುವುದು ಎಲ್ಲೆಡೆ ಕಾಣುತ್ತದೆ. ಅಳೆದು ನೋಡಿ. ಬೆಳಿಗ್ಗೆ 8.30ಕ್ಕೆ ಬಿಟ್ಟು ಮರುದಿನ 8ಕ್ಕೆ ಬಂದರೆ ಇಪ್ಪತ್ಮೂರೂವರೆ ಗಂಟೆ, ಅದರಲ್ಲಿ ಮೊದಲ ಭಾಗ ಹಗಲು ನಿದ್ದೆಗೇ ಹೋಗುತ್ತದೆ. ಸಂಜೆ 5ಕ್ಕೆ ಬಿಟ್ಟು, ಒಂದು ದಿನ ಕಳೆದು, ಮರುದಿನ 8ಕ್ಕೆ ಬಂದರೆ 39 ಗಂಟೆ, ನಡುವೆ ಎರಡು ರಾತ್ರಿಯ ನಿದ್ದೆ. ಎರಡಕ್ಕೂ ರೋಸ್ಟರಿನಲ್ಲಿ ಬೇರೆ ಬೇರೆ ಗುರುತು ಬಳಸಿದರೆ ಈ ತಪ್ಪು ಕಣ್ಣಿಗೆ ಬೀಳುತ್ತದೆ. ಒಂದರ ಬೆನ್ನಿಗೆ ಇನ್ನೊಂದು ಬರುವಂತೆ ಹಾಕಲು ಸಾಧ್ಯವಾದರೆ ನಲವತ್ತೇಳೂವರೆ ಗಂಟೆ ಸಿಗುತ್ತದೆ, ಅದಕ್ಕಿಂತ ಒಳ್ಳೆಯದು ಈ ಸಿಬ್ಬಂದಿಯಲ್ಲಿ ಸಿಗದು.

ಕಾಗದದ ಮೇಲೆ ಎಲ್ಲ ಸರಿಯಿದ್ದೂ ವಾರ್ಡಿನಲ್ಲಿ ಕೆಡುವ ಬಗೆ ಒಂದಿದೆ. ನೈಟ್ ಮುಗಿಸಿದವರು ತಾವು ಅಡ್ಮಿಟ್ ಮಾಡಿದ ಕೇಸುಗಳನ್ನು ರೌಂಡ್ಸಿನಲ್ಲಿ ತಾವೇ ಹೇಳಬೇಕೆಂದು ಮಧ್ಯಾಹ್ನ 12ರವರೆಗೆ ನಿಲ್ಲುತ್ತಾರೆ. ದಿನಕ್ಕೆ ಮೂರೂವರೆ ಗಂಟೆ, ವಾರಕ್ಕೆ ಯೂನಿಟ್ಟಿಗೆ ಇಪ್ಪತ್ನಾಲ್ಕೂವರೆ. ಲೆಕ್ಕವಿಲ್ಲದೆ ಸಿಕ್ಕ ಸುಮಾರು ಮೂರು ಹಗಲು ಪಾಳಿ ಇದು. ತಲೆಗೆ ಸರಾಸರಿ 52 ಇದ್ದದ್ದು ಐವತ್ತೈದೂವರೆ ಆಗುತ್ತದೆ, ಆದರೂ 60ರ ಒಳಗೇ! ವಾರದ ಮಿತಿ ಇದನ್ನು ಹಿಡಿಯುವುದಿಲ್ಲ, ಹಾಗಾಗಿ ವಿಶ್ರಾಂತಿಯನ್ನು ಬೇರೆಯಾಗಿ ನೋಡಬೇಕು. ಹಾಜರಿ ಪುಸ್ತಕ ನಂಬಬೇಡಿ, 8.30ಕ್ಕೆ ಸಹಿ ಮಾಡಿ ಮತ್ತೆ ವಾರ್ಡಿಗೆ ಹೋಗುವುದು ಮಾಮೂಲು. ಕೇಸ್ ಶೀಟು ಮತ್ತು ಲ್ಯಾಬ್ ಕೋರಿಕೆಗಳಲ್ಲಿ ನೈಟ್ ಮಾಡಿದವರ ಹೆಸರಿನಲ್ಲಿ 9 ಗಂಟೆಯ ನಂತರ ಏನಾದರೂ ಬರೆಯಲಾಗಿದೆಯೇ ಎಂದು ಎರಡು ವಾರ ನೋಡಿದರೆ ಸಾಕು. ಪರಿಹಾರ ಗದರಿಸುವುದಲ್ಲ. ರೌಂಡ್ಸನ್ನು ರಾತ್ರಿಯ ಹೊಸ ಕೇಸುಗಳಿಂದ 8ಕ್ಕೇ ಶುರು ಮಾಡಿ, ಬಹಳ ಕೆಟ್ಟಿರುವ ರೋಗಿಗಳನ್ನು ಅರ್ಧ ಗಂಟೆಯೊಳಗೆ ಹಾಸಿಗೆಯ ಬಳಿಯೇ ಒಪ್ಪಿಸಿ, ಉಳಿದವರ ಬಾಕಿ ಕೆಲಸಗಳನ್ನು ಬರೆದು ಲಾಂಗ್ ಡೇಯವರ ಕೈಗೆ ಕೊಡುವಂತೆ ಮಾಡಬೇಕು. ಡಿಸ್ಚಾರ್ಜ್ ಸಮರಿ ನೈಟ್‌ನವರ ಪಾಲಿಗೆ ಬರಲೇಬಾರದು.

ಕೊನೆಯದಾಗಿ, ನೈಟ್‌ನವರಿಗೆ ಅಂದೇ ಜ್ವರ ಬಂದರೆ? ಮೊದಲು ರಿಲೀಫ್‌ನವರು. ಅವರಿಲ್ಲದಿದ್ದರೆ ಅಂದಿನ ಹಗಲು ಪಾಳಿಯವರಲ್ಲಿ ಒಬ್ಬರನ್ನು ಮಧ್ಯಾಹ್ನ 12ರೊಳಗೆ ಮನೆಗೆ ಕಳಿಸಿ ರಾತ್ರಿ 8ಕ್ಕೆ ಕರೆಸಿ. ಅವರ ಮರುದಿನದ ಪಾಳಿ ತಾನಾಗಿ ಪೋಸ್ಟ್ ನೈಟ್ ಆಗುತ್ತದೆ, ಆ ಹಗಲಿನ ಜಾಗ ಖಾಲಿಯೇ ಉಳಿಯುತ್ತದೆ. ಪೋಸ್ಟ್ ನೈಟ್‌ನಲ್ಲಿರುವವರನ್ನು ಮುಟ್ಟಬೇಡಿ. ಅದಲುಬದಲನ್ನು ರೋಸ್ಟರಿನಲ್ಲೇ ತಿದ್ದಿ, ಆ ಇಬ್ಬರ ಹಿಂದಿನ ಮತ್ತು ಮುಂದಿನ ಆರು ದಿನಗಳ ಮೊತ್ತಗಳನ್ನು ಅಂದೇ ಮತ್ತೊಮ್ಮೆ ಕೂಡಿ ನೋಡಿ.