ಒಂದು ಟೇಪ್, ಮುಕ್ಕಾಲು ಗಂಟೆ

ಎಲ್ಲರಿಗೂ ನಮಸ್ಕಾರ. ಬಾಗೇಪಲ್ಲಿ, ಗುಡಿಬಂಡೆ ಕಡೆಯಿಂದ ಬೆಳಿಗ್ಗೆಯೇ ಬಸ್ ಹತ್ತಿ ಚಿಕ್ಕಬಳ್ಳಾಪುರಕ್ಕೆ ಬಂದಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ: ಅಂಗನವಾಡಿ ಟೀಚರ್‌ಗಳಿಗೆ ನೀವು ತರಬೇತಿ ಕೊಡುವುದು ಹೇಗೆ ಅನ್ನುವುದೇ ಇವತ್ತಿನ ಮಾತು.

ನಮ್ಮ ಸರ್ಕಲ್‌ನ ಟೀಚರ್‌ಗಳಿಗೆ, ಅಪೌಷ್ಟಿಕತೆ ಗುರುತಿಸಲು ಮಕ್ಕಳ ತೋಳಿನ ಸುತ್ತಳತೆ ತೆಗೆಯುವುದನ್ನು ಕಲಿಸಲು ಹೋದಾಗ, ಮೊದಲ ಸಲ ಒಂದೂವರೆ ಗಂಟೆ ನಾನೇ ಮಾತಾಡಿದೆ. ಎಲ್ಲರೂ ತಲೆಯಾಡಿಸಿದರು. ಮುಂದಿನ ವಾರ ಒಂದು ಕೇಂದ್ರಕ್ಕೆ ಹೋದರೆ, ಟೀಚರ್ ಸ್ವೆಟರ್ ಮೇಲೆಯೇ ಟೇಪ್ ಸುತ್ತುತ್ತಿದ್ದರು. ತಪ್ಪು ಅವರದಲ್ಲ. ತರಬೇತಿಯಲ್ಲಿ ಅವರ ಕೈಗೆ ಟೇಪ್ ಕೊಟ್ಟೇ ಇರಲಿಲ್ಲ ನಾನು.

ಆಮೇಲೆ ಗುರಿಯನ್ನು ಹೀಗೆ ಬರೆದುಕೊಂಡೆ: ಮುಕ್ಕಾಲು ಗಂಟೆಯೊಳಗೆ ಪ್ರತಿಯೊಬ್ಬರೂ ಇಬ್ಬರು ಮಕ್ಕಳ ಎಡತೋಳು ಅಳೆಯಬೇಕು, ನನ್ನ ಅಳತೆಗೂ ಅವರದಕ್ಕೂ 3 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬರಬಾರದು. ‘ಅರಿವು ಮೂಡಿಸುವುದು’ ಅಂತ ಬರೆದರೆ, ಮೂಡಿತೋ ಇಲ್ಲವೋ ನೋಡುವುದು ಹೇಗೆ? 3 ಮಿಲಿಮೀಟರ್ ನಾನೇ ಇಟ್ಟುಕೊಂಡ ಮಿತಿ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿಗೆ 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಟೇಪ್‌ನಲ್ಲಿ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ; 12.5ರಿಂದ ಮೇಲೆ ಹಸಿರು. ಹಳದಿಗೆ ಸಿಗುವುದು ನಡುವಿನ ಒಂದೇ ಸೆಂಟಿಮೀಟರ್. ಕೈ ಸ್ವಲ್ಪ ಸಡಿಲವಾದರೆ ಮಗುವಿನ ಬಣ್ಣವೇ ಬದಲಾಗುತ್ತದೆ.

ಅಳೆದು ತೋರಿಸಲು 5 ನಿಮಿಷ ಸಾಕು. ಮೊಣಕೈ ಮಡಚಿ, ಭುಜದ ತುದಿಯಿಂದ ಮೊಣಕೈ ತುದಿಯವರೆಗಿನ ಮಧ್ಯಕ್ಕೆ ಗುರುತು ಹಾಕಬೇಕು. ಆಮೇಲೆ ಕೈಯನ್ನು ಇಳಿಬಿಟ್ಟು ಅಳೆಯಬೇಕು. ಉಳಿದ ಹೊತ್ತೆಲ್ಲ ಅವರದು.

ಒಂದು ತಂಡಕ್ಕೆ ಆರು ಜನ, ಇಬ್ಬರು ಮಕ್ಕಳು. ಮಕ್ಕಳು ತಾಯಿಯ ಮಡಿಲಲ್ಲೇ ಇರಲಿ, ಅತ್ತರೆ ಅಳೆಯುವುದನ್ನು ನಿಲ್ಲಿಸಿ. ನಾನು ಮೊದಲೇ ಎರಡೆರಡು ಸಲ ಅಳೆದು ಬರೆದಿಟ್ಟುಕೊಂಡಿರುತ್ತೇನೆ. ನನ್ನ ಎರಡು ಅಳತೆಗಳೇ ಹೊಂದದಿದ್ದರೆ ಬೇರೆಯವರನ್ನು ತಿದ್ದುವ ಹಾಗಿಲ್ಲ, ಅಲ್ವಾ? ಟೀಚರ್‌ಗಳು ಅಳತೆಯನ್ನು ಚೀಟಿಯಲ್ಲಿ ಬರೆಯಬೇಕು, ಬಾಯಲ್ಲಿ ಹೇಳಬಾರದು. ಒಬ್ಬರು ‘12.4’ ಅಂದರೆ ಉಳಿದವರ ಕಣ್ಣಿಗೂ ಅದೇ ಕಾಣುತ್ತದೆ.

ಒಂದು ಚೀಟಿಯಲ್ಲಿ 12.7 ಇತ್ತು. ನನ್ನದು 12.2. ‘ತಪ್ಪಾಗಿದೆ ಅಕ್ಕ’ ಅಂದಿದ್ದರೆ ಅವರು ಸುಮ್ನೆ ಮುದುಡಿಕೊಳ್ಳುತ್ತಿದ್ದರು. ‘ಇನ್ನೊಮ್ಮೆ ಅಳೀರಿ, ನಾನು ಪಕ್ಕದಲ್ಲೇ ಇರ್ತೀನಿ’ ಅಂದೆ. ಗುರುತು ಸರಿಯಾದ ಜಾಗದಲ್ಲೇ ಇತ್ತು. ಆದರೆ ಟೇಪ್ ಮತ್ತು ತೋಳಿನ ನಡುವೆ ಸಂದು ಕಾಣುತ್ತಿತ್ತು. ‘ಗುರುತು ಸರಿಯಾಗಿದೆ. ಇಲ್ಲಿ ಬೆಳಕು ಕಾಣ್ತಿದೆ ನೋಡಿ’ ಅಂತ ಅಷ್ಟೇ ತೋರಿಸಿದೆ. ಅವರೇ ಟೇಪ್ ಎಳೆದರು, ಈಗ ಚರ್ಮ ಒತ್ತಿ ಗೀರು ಬಿತ್ತು. ಮೂರನೇ ಸಲ ಟೇಪ್ ತೋಳಿಗೆ ತಾಗಿ ನಿಂತಿತು: 12.3. ತಿದ್ದಿದ ಮೇಲೆ ಹೀಗೆ ಮತ್ತೆ ಮಾಡಲು ಅವಕಾಶ ಬೇಕು. ಅದಕ್ಕೇ ಕೊನೆಯ 10 ನಿಮಿಷ ಖಾಲಿ ಬಿಡಿ.

ತೂಕ, ಎತ್ತರ ಇದೇ ದಿನ ಸೇರಿಸಬೇಡಿ. ಎರಡು ವಾರ ಬಿಟ್ಟು ಅವರ ಕೇಂದ್ರಕ್ಕೇ ಹೋಗಿ, ಒಂದು ಮಗುವನ್ನು ಇಬ್ಬರೂ ಬೇರೆ ಬೇರೆಯಾಗಿ ಅಳೆದು ಚೀಟಿ ಹೋಲಿಸಿ. ನಮ್ಮಲ್ಲಿ ಆ ಆರು ಜನರಲ್ಲಿ ಒಬ್ಬರ ಟೇಪ್ ಮತ್ತೆ ಸಡಿಲವಾಗಿತ್ತು. ಅವರ ಜೊತೆ ಅಲ್ಲೇ ಚಾಪೆ ಮೇಲೆ ಕೂತು ಇನ್ನೆರಡು ಮಕ್ಕಳನ್ನು ಅಳೆದೆವು.